ಎಕ್ಸ್-ರೇ ಕೈಗೆ ಬಂದರೆ ರೋಗದ ಹೆಸರಿಗೂ ಮೊದಲು ಏನು ಹೇಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ರೇಡಿಯಾಲಜಿ ಕಲಿಸುವಾಗ ಪರೇಲ್, ಸಾಯನ್ ಕಡೆಯ ಕನ್ನಡ ಮನೆಗಳ ಎಂಬಿಬಿಎಸ್ ಮಕ್ಕಳು ನನ್ನ ಹತ್ತಿರ ಬರುತ್ತಿರುತ್ತಾರೆ. ಪುಣೆಯಿಂದ, ಗೋವಾದ ಬಾಂಬೋಳಿಯಿಂದ ಫೋನ್ ಮಾಡುವವರೂ ಇದ್ದಾರೆ. ಎಲ್ಲರೂ ಸುಮಾರಾಗಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಎದೆಯ ಎಕ್ಸ್-ರೇಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ವಾರ್ಡಿನಲ್ಲೂ ಪರೀಕ್ಷೆಯಲ್ಲೂ ನಿಮ್ಮ ಕೈಗೆ ಹೆಚ್ಚಾಗಿ ಬರುವುದು ಅದೇ.

ನೋಡಿದ ತಕ್ಷಣ ರೋಗ ಯಾವುದು ಅಂತ ಗೊತ್ತಾದರೂ ವರ್ಣನೆ ಯಾಕೆ ಮಾಡಬೇಕು?

ಗೊತ್ತಾಯಿತು ಅಂದುಕೊಂಡದ್ದು ಎಷ್ಟೋ ಸಲ ತಪ್ಪಾಗಿರುತ್ತದೆ, ಅದಕ್ಕೆ. ಒಂದು ಕೇಸ್ ಇಟ್ಟುಕೊಂಡು ಮಾತಾಡೋಣ. ಈ ಪುಟದುದ್ದಕ್ಕೂ ಇದೇ ಕೇಸ್ ಬರುತ್ತದೆ.

ಐವತ್ತರ ಆಸುಪಾಸಿನ ಗಂಡಸು. ಕಲಬುರಗಿ ಕಡೆಯವರು, ಮುಂಬೈಯಲ್ಲಿ ಕಟ್ಟಡ ಕೆಲಸ, ಬೀಡಿ ಸೇದುವ ಅಭ್ಯಾಸ. "ಎರಡ್ ತಿಂಗಳಾತ್ರಿ ಕೆಮ್ಮು, ಈಗ ಮೆಟ್ಟಲ ಹತ್ತಿದ್ರ ದಮ್ ಹತ್ತತದ" ಅನ್ನುತ್ತಾರೆ. ಎಕ್ಸ್-ರೇಯಲ್ಲಿ ಎಡಗಡೆಯ ಎದೆ ಪೂರ್ತಿ ಬಿಳಿ. ಮೇಲಿನಿಂದ ಕೆಳಗಿನವರೆಗೆ ಕಪ್ಪು ಅನ್ನುವುದೇ ಇಲ್ಲ.

ಈ ಚಿತ್ರ ತೋರಿಸಿದರೆ ಹೆಚ್ಚಿನ ವಿದ್ಯಾರ್ಥಿಗಳು ಕ್ಷಣದಲ್ಲಿ ಹೇಳುವುದು "ಮ್ಯಾಸಿವ್ ಪ್ಲೂರಲ್ ಎಫ್ಯೂಷನ್, ಟ್ಯಾಪ್ ಮಾಡಬೇಕು" ಅಂತ. ಅಂದರೆ ಎದೆಗೂಡಿನಲ್ಲಿ ನೀರು ತುಂಬಿದೆ, ಸೂಜಿ ಹಾಕಿ ತೆಗೆಯಬೇಕು. ಆದರೆ ಒಂದು ಕಡೆ ಪೂರ್ತಿ ಬಿಳಿಯಾಗಲು ನೀರೇ ಬೇಕಾಗಿಲ್ಲ. ಗಾಳಿ ಹೋಗುವ ಕೊಳವೆ ಮುಚ್ಚಿಕೊಂಡು ಶ್ವಾಸಕೋಶ ಕುಸಿದು ಹೋದರೂ, ಅಂದರೆ ಕೊಲ್ಯಾಪ್ಸ್ ಆದರೂ, ಬಿಳಿಯೇ ಕಾಣುತ್ತದೆ. ನೀರಿಲ್ಲದ ಜಾಗಕ್ಕೆ ಸೂಜಿ ಚುಚ್ಚಿದರೆ ಏನಾಗಬಹುದು ಅಂತ ಯೋಚಿಸಿ. ಕುಸಿತದ ಜೊತೆ ಹೃದಯವೂ ಆ ಕಡೆಗೇ ಸರಿದು ಬಂದಿರುತ್ತದೆ.

ಇವೆರಡನ್ನು ಬೇರೆ ಮಾಡುವ ಸುಳಿವು ಆ ಚಿತ್ರದಲ್ಲೇ ಇದೆ. ಹೆಸರು ಬಾಯಿಗೆ ಬಂದುಬಿಟ್ಟರೆ ಕಣ್ಣು ಆ ಸುಳಿವಿನ ಕಡೆ ಹೋಗುವುದಿಲ್ಲ. ವರ್ಣನೆ ಮಾಡುತ್ತಾ ಹೋದರೆ ಹೋಗಲೇಬೇಕಾಗುತ್ತದೆ.

ಸರಿ, ಮೊದಲ ವಾಕ್ಯ ಏನಿರಬೇಕು?

ಇದು ಯಾರದು, ಯಾವಾಗ ತೆಗೆದದ್ದು, ದೇಹದ ಯಾವ ಭಾಗ, ಯಾವ ದಿಕ್ಕಿನಿಂದ ತೆಗೆದದ್ದು. ಇಷ್ಟೇ. "ಇದು ವಯಸ್ಕ ಗಂಡಸಿನ ಎದೆಯ ಪಿಎ ಎಕ್ಸ್-ರೇ, ನಿಂತು ತೆಗೆದದ್ದು, ಇಂಥ ತಾರೀಖಿನದು."

ಇದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳು ಒಂದೇ ವಾರ್ಡಿನಲ್ಲಿರುವುದು ಮಾಮೂಲು. ಹಳೆಯ ಫಿಲ್ಮ್, ಹೊಸ ಫಿಲ್ಮ್ ಒಂದೇ ಲಕೋಟೆಯಲ್ಲಿರುತ್ತವೆ. ಮೂರು ತಿಂಗಳ ಹಿಂದಿನ ಚಿತ್ರ ನೋಡಿ ಇವತ್ತಿನ ಔಷಧಿ ಬರೆದರೆ ಕಷ್ಟ ಅಲ್ವಾ?

ಹಾಗೇ ಬಲ-ಎಡದ ಗುರುತು ನೋಡಿ. ಚಿತ್ರದ ಮೂಲೆಯಲ್ಲಿ ಆರ್ ಅಥವಾ ಎಲ್ ಅಕ್ಷರ ಇರುತ್ತದೆ. ಹೃದಯದ ತುದಿ ಎಡಕ್ಕಿದೆ ಅಂತ ಅದನ್ನೇ ನಂಬಿ ಬದಿ ತೀರ್ಮಾನ ಮಾಡಬೇಡಿ. ಹೃದಯ ಬಲಗಡೆ ಇರುವ ಡೆಕ್ಸ್ಟ್ರೊಕಾರ್ಡಿಯಾ ರೋಗಿ ಬಂದರೆ, ಆ ಗುರುತು ನೋಡದವರು ಫಿಲ್ಮನ್ನೇ ತಿರುಗಿಸಿ ಹಾಕಿ "ನಾರ್ಮಲ್" ಅಂದುಬಿಡುತ್ತಾರೆ.

ಪಿಎ, ಎಪಿ ಅನ್ನುವ ವ್ಯತ್ಯಾಸಕ್ಕೆ ಅಷ್ಟೊಂದು ಬೆಲೆ ಯಾಕೆ?

ಹೃದಯದ ಬಗ್ಗೆ ನೀವು ಏನು ಹೇಳಬಹುದು, ಏನು ಹೇಳಬಾರದು ಅನ್ನುವುದು ಇದರ ಮೇಲೆ ನಿಂತಿದೆ. ಪಿಎ ಅಂದರೆ ಕಿರಣ ಬೆನ್ನಿನಿಂದ ಒಳಹೋಗಿ ಎದೆಯಿಂದ ಹೊರಬಂದು ಪ್ಲೇಟಿಗೆ ಬೀಳುತ್ತದೆ. ರೋಗಿ ಎದೆಯನ್ನು ಪ್ಲೇಟಿಗೆ ಒತ್ತಿ ನಿಂತಿರುತ್ತಾರೆ. ಟ್ಯೂಬ್ ಸುಮಾರು 180 ಸೆಂಟಿಮೀಟರ್ ದೂರ ಇರುತ್ತದೆ. ಹೃದಯ ಎದೆಯ ಮುಂಭಾಗದಲ್ಲಿ, ಪ್ಲೇಟಿಗೆ ಹತ್ತಿರ ಇರುವುದರಿಂದ ಅದರ ನೆರಳು ಹೆಚ್ಚು ದೊಡ್ಡದಾಗುವುದಿಲ್ಲ.

ಹಾಸಿಗೆಯಲ್ಲಿ ಮಲಗಿದ ರೋಗಿಗೆ ಪೋರ್ಟಬಲ್ ಮೆಷಿನ್ ತಂದು ತೆಗೆಯುವುದು ಎಪಿ. ಪ್ಲೇಟ್ ಬೆನ್ನಿನ ಕೆಳಗೆ, ಟ್ಯೂಬ್ ಹತ್ತಿರ. ಆಗ ಹೃದಯ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪಿಎ ಚಿತ್ರದಲ್ಲಿ ವಯಸ್ಕರ ಹೃದಯದ ಅಗಲ ಎದೆಯ ಒಳಗಿನ ಅಗಲದ ಅರ್ಧಕ್ಕಿಂತ ಕಡಿಮೆ ಇರಬೇಕು. ಎಪಿ ಚಿತ್ರಕ್ಕೆ ಈ ಲೆಕ್ಕ ಹಾಕಿ "ಕಾರ್ಡಿಯೊಮೆಗಲಿ" ಅನ್ನಬಾರದು.

ಚೀಟಿಯಲ್ಲಿ ಬರೆದಿಲ್ಲದಿದ್ದರೆ ಹೆಗಲ ಮೂಳೆ, ಅಂದರೆ ಸ್ಕ್ಯಾಪುಲಾ ನೋಡಿ. ಪಿಎ ತೆಗೆಯುವಾಗ ರೋಗಿ ಹೆಗಲನ್ನು ಮುಂದಕ್ಕೆ ಮಾಡಿ ನಿಲ್ಲುವುದರಿಂದ ಅದು ಸಾಮಾನ್ಯವಾಗಿ ಶ್ವಾಸಕೋಶದಿಂದ ಹೊರಗೆ ಸರಿದಿರುತ್ತದೆ. ಎಪಿಯಲ್ಲಿ ಶ್ವಾಸಕೋಶದ ಮೇಲೆಯೇ ಬಿದ್ದಿರುತ್ತದೆ. ಮಲಗಿದ ಚಿತ್ರದಲ್ಲಿ ಇನ್ನೊಂದು ಮೋಸ ಇದೆ. ನೀರು ಬೆನ್ನಿನ ಕಡೆ ಹರಡಿಕೊಳ್ಳುವುದರಿಂದ ಕೆಳಮೂಲೆ ತುಂಬಿಕೊಂಡ ಹಾಗೆ ಕಾಣದೆ, ಆ ಇಡೀ ಬದಿ ತೆಳುವಾಗಿ ಮಸುಕಾಗಿ ಕಾಣುತ್ತದೆ.

ಫಿಲ್ಮಿನ ಗುಣಮಟ್ಟ ನೋಡುವುದು ಬಾಯಿಪಾಠ ಆಗಿಬಿಟ್ಟಿದೆ. ಅದರಿಂದ ನಿಜವಾಗಿ ಉಪಯೋಗ ಇದೆಯಾ?

ತುಂಬಾ ಇದೆ. "ರೊಟೇಶನ್ ಇಲ್ಲ, ಇನ್ಸ್ಪಿರೇಶನ್ ಸರಿಯಿದೆ, ಪೆನೆಟ್ರೇಶನ್ ಸರಿಯಿದೆ" ಅಂತ ಫಿಲ್ಮ್ ನೋಡದೇ ಹೇಳುವವರಿದ್ದಾರೆ. ಆ ಮೂರೂ ಮುಂದೆ ನೀವು ಹೇಳಲಿರುವ ಮಾತಿಗೆ ಆಧಾರ.

ರೊಟೇಶನ್ ತೆಗೆದುಕೊಳ್ಳಿ. ಎರಡು ಕೊರಳೆಲುಬುಗಳ, ಅಂದರೆ ಕ್ಲಾವಿಕಲ್‌ಗಳ ಒಳತುದಿಗಳನ್ನು ಹುಡುಕಿ. ಅವುಗಳ ನಡುವೆ ಬೆನ್ನುಮೂಳೆಯ ಸ್ಪೈನಸ್ ಪ್ರೋಸೆಸ್ ಕಣ್ಣೀರ ಹನಿಯ ಆಕಾರದಲ್ಲಿ ಕಾಣುತ್ತದೆ. ಆ ಹನಿಯಿಂದ ಎರಡೂ ತುದಿಗಳು ಸಮದೂರದಲ್ಲಿದ್ದರೆ ರೋಗಿ ನೇರವಾಗಿ ನಿಂತಿದ್ದಾರೆ. ಒಂದು ಕಡೆಯ ಅಂತರ ಜಾಸ್ತಿ ಇದ್ದರೆ ರೋಗಿ ಆ ಕಡೆಗೆ ತಿರುಗಿದ್ದಾರೆ.

ಕ್ಲಾವಿಕಲ್ ತುದಿಗಳು ದೇಹದ ಮುಂಭಾಗದಲ್ಲಿವೆ, ಸ್ಪೈನಸ್ ಪ್ರೋಸೆಸ್ ಹಿಂಭಾಗದಲ್ಲಿದೆ. ದೇಹ ತಿರುಗಿದಾಗ ಮುಂದಿನದು ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಸರಿಯುತ್ತದೆ. ಟ್ರೇಕಿಯಾ, ಹೃದಯ ಕೂಡ ಬೆನ್ನುಮೂಳೆಯ ಮುಂದಿವೆ. ಆದ್ದರಿಂದ ರೋಗಿ ಎಡಕ್ಕೆ ತಿರುಗಿ ನಿಂತರೆ ಟ್ರೇಕಿಯಾ ಎಡಕ್ಕೆ ಎಳೆದ ಹಾಗೆ ಕಾಣುತ್ತದೆ. ಏನೂ ರೋಗವಿಲ್ಲದಿದ್ದರೂ! ತಿರುಗಿದ ಚಿತ್ರದಲ್ಲಿ ಒಂದು ಶ್ವಾಸಕೋಶ ಇನ್ನೊಂದಕ್ಕಿಂತ ಕಪ್ಪಾಗಿಯೂ ಕಾಣಬಹುದು.

ನಮ್ಮ ಕೇಸಿನಲ್ಲಿ ಎಲ್ಲ ತೀರ್ಮಾನವೂ ಟ್ರೇಕಿಯಾ ಯಾವ ಕಡೆ ಇದೆ ಅನ್ನುವುದರ ಮೇಲೆ ನಿಂತಿದೆ. ಕ್ಲಾವಿಕಲ್ ನೋಡದೆ ಟ್ರೇಕಿಯಾ ಸರಿದಿದೆ ಅಂದರೆ ಆ ಮಾತಿಗೆ ಬುಡವೇ ಇಲ್ಲ.

ಉಸಿರಿನ ಲೆಕ್ಕ ಸುಲಭ. ಡಯಾಫ್ರಮ್‌ನ ಮೇಲೆ ಮುಂದಿನ ಪಕ್ಕೆಲುಬುಗಳು 5 ರಿಂದ 6, ಹಿಂದಿನವು 9 ರಿಂದ 10 ಕಾಣಬೇಕು. ಕಡಿಮೆ ಕಂಡರೆ ರೋಗಿ ಪೂರ್ತಿ ಉಸಿರು ಎಳೆದುಕೊಂಡಿಲ್ಲ. ಆಗ ಹೃದಯ ಅಗಲವಾಗಿ, ಶ್ವಾಸಕೋಶದ ತಳ ಬೆಳ್ಳಗೆ ಕಾಣುತ್ತದೆ, ನ್ಯುಮೋನಿಯಾ ಅಂತ ಅನಿಸುತ್ತದೆ. ಪೆನೆಟ್ರೇಶನ್‌ಗೆ ಹೃದಯದ ಹಿಂದೆ ಬೆನ್ನುಮೂಳೆ ಮಸುಕಾಗಿ ಕಾಣುತ್ತಿದೆಯಾ ನೋಡಿದರೆ ಸಾಕು.

ನೋಡುವ ಕ್ರಮ ಯಾವುದು? ಒಬ್ಬೊಬ್ಬರು ಒಂದೊಂದು ಹೇಳಿಕೊಡುತ್ತಾರೆ.

ಯಾವ ಕ್ರಮವಾದರೂ ನಡೆಯುತ್ತದೆ. ಪ್ರತಿ ಸಲ ಅದೇ ಇರಬೇಕು, ಅಷ್ಟೆ. ನಾನು ಹೇಳಿಕೊಡುವುದು ನಡುವಿನಿಂದ ಹೊರಗೆ ಹೋಗುವ ಕ್ರಮ. ಮೊದಲು ಟ್ರೇಕಿಯಾ, ಅಲ್ಲಿಂದ ಹೃದಯ ಮತ್ತು ಮೆಡಿಯಾಸ್ಟಿನಮ್, ಆಮೇಲೆ ಎರಡು ಹೈಲಮ್, ನಂತರ ಶ್ವಾಸಕೋಶಗಳು, ಡಯಾಫ್ರಮ್ ಮತ್ತು ಅದರ ಮೂಲೆಗಳು, ಕೊನೆಗೆ ಮೂಳೆ ಮತ್ತು ಚರ್ಮದಡಿಯ ಭಾಗ.

ಶ್ವಾಸಕೋಶವನ್ನು ನಡುವೆ ಇಟ್ಟಿರುವುದಕ್ಕೆ ಕಾರಣ ಇದೆ. ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಓಡುತ್ತದೆ. ಸ್ವಲ್ಪ ತಡೆದು ಟ್ರೇಕಿಯಾದಿಂದ ಶುರು ಮಾಡಿದರೆ, ಬಿಳಿ ಜಾಗಕ್ಕೆ ಬರುವ ಹೊತ್ತಿಗೆ ಅರ್ಧ ಉತ್ತರ ಕೈಯಲ್ಲಿರುತ್ತದೆ.

ಎರಡೂ ಶ್ವಾಸಕೋಶಗಳನ್ನು ಮೇಲಿನಿಂದ ಕೆಳಗೆ ಒಂದಕ್ಕೊಂದು ಹೋಲಿಸುತ್ತಾ ಬನ್ನಿ. ಬಲದ ಮೇಲ್ಭಾಗ, ಎಡದ ಮೇಲ್ಭಾಗ, ಮತ್ತೆ ಬಲದ ಮಧ್ಯ, ಎಡದ ಮಧ್ಯ, ಹೀಗೆ. ನಾರ್ಮಲ್‌ನಲ್ಲಿ ಎರಡು ಕಡೆ ಪೂರ್ತಿ ಒಂದೇ ಥರ ಇರುವುದಿಲ್ಲ ಅನ್ನುವುದು ನೆನಪಿರಲಿ. ಬಲ ಡಯಾಫ್ರಮ್ ಸ್ವಲ್ಪ ಮೇಲಿರುತ್ತದೆ. ಎಡ ಹೈಲಮ್ ಹೆಚ್ಚಿನವರಲ್ಲಿ ಬಲಕ್ಕಿಂತ ಸ್ವಲ್ಪ ಮೇಲಿರುತ್ತದೆ. ಟ್ರೇಕಿಯಾ ನಡುವೆ ಇರುತ್ತದೆ, ಅಯೋರ್ಟಾ ಹತ್ತಿರ ತುಸು ಬಲಕ್ಕೆ ಸರಿದಿದ್ದರೂ ಅದು ನಾರ್ಮಲ್.

ಬಿಳಿ ಜಾಗ ಸಿಕ್ಕಿತು. ಅದನ್ನು ಯಾವ ಮಾತಿನಲ್ಲಿ ಹೇಳಬೇಕು?

"ಒಪಾಸಿಟಿ" ಅನ್ನಿ. ಇರಬೇಕಾದ್ದಕ್ಕಿಂತ ಬಿಳಿ ಅಂತ ಅಷ್ಟೇ ಅದರ ಅರ್ಥ. ಕಾರಣದ ಬಗ್ಗೆ ಅದು ಏನೂ ಹೇಳುವುದಿಲ್ಲ, ಹಾಗಾಗಿ ನಿಮ್ಮನ್ನು ಕಟ್ಟಿ ಹಾಕುವುದಿಲ್ಲ. ಇರಬೇಕಾದ್ದಕ್ಕಿಂತ ಕಪ್ಪಾಗಿದ್ದರೆ "ಲೂಸೆನ್ಸಿ". ವಾರ್ಡಿನಲ್ಲಿ ಎಲ್ಲರೂ "ಪ್ಯಾಚ್ ಇದೆ" ಅನ್ನುತ್ತಾರೆ. ಅದನ್ನು ಕೇಳಿದ ರೋಗಿಯ ಮನೆಯವರು ಟಿಬಿ ಅಂತಲೇ ತಿಳಿಯುತ್ತಾರೆ. ಕನ್ಸಾಲಿಡೇಶನ್, ಎಫ್ಯೂಷನ್, ಟಿಬಿ ಇವೆಲ್ಲ ತೀರ್ಮಾನದ ಮಾತುಗಳು. ಅವನ್ನು ಕೊನೆಗೆ ಇಟ್ಟುಕೊಳ್ಳಿ.

ಒಪಾಸಿಟಿ ಎಲ್ಲಿದೆ ಅಂತ ಹೇಳುವಾಗ ಲೋಬ್ ಹೆಸರು ಬೇಡ, ಝೋನ್ ಹೇಳಿ. ಎರಡನೆಯ ಪಕ್ಕೆಲುಬಿನ ಮುಂತುದಿಯಿಂದ ಮೇಲೆ ಅಪ್ಪರ್ ಝೋನ್. ಎರಡರಿಂದ ನಾಲ್ಕರವರೆಗೆ ಮಿಡ್ ಝೋನ್. ಅದರ ಕೆಳಗೆ ಲೋವರ್ ಝೋನ್. ಲೋಬ್‌ಗಳು ಒಂದರ ಹಿಂದೆ ಒಂದು ಓರೆಯಾಗಿ ಕೂತಿವೆ. ಎದುರಿನಿಂದ ತೆಗೆದ ಒಂದೇ ಚಿತ್ರದಲ್ಲಿ ಮಿಡ್ ಝೋನಿನ ಕಲೆ ಯಾವ ಲೋಬಿನದು ಅಂತ ಜಾಗ ನೋಡಿ ಮಾತ್ರ ಹೇಳಲಾಗುವುದಿಲ್ಲ.

ಆಮೇಲೆ ಅದು ಒಂದೇ ಸಮನಾಗಿ ಬಿಳಿಯಾಗಿದೆಯಾ, ನಡುವೆ ಕಪ್ಪು ಗೆರೆಗಳಿವೆಯಾ, ಅಂಚು ಸ್ಪಷ್ಟವೋ ಮಸುಕೋ ಹೇಳಿ. ನಂತರ ಬರುವ ಎರಡು ಪ್ರಶ್ನೆ ನನಗೆ ಬಹಳ ಮುಖ್ಯ: ಅದು ಯಾವ ಗೆರೆಯನ್ನು ಅಳಿಸಿದೆ? ಅಕ್ಕಪಕ್ಕದವರನ್ನು ಏನು ಮಾಡಿದೆ?

ಗೆರೆ ಅಳಿಸುವುದು ಅಂದರೆ ಸಿಲೂಯೆಟ್ ಸೈನ್. ಬೆಂಜಮಿನ್ ಫೆಲ್ಸನ್ ಅವರಿಂದಾಗಿ ಇದು ಎಲ್ಲ ಕಡೆ ಬಳಕೆಗೆ ಬಂತು. ಹೃದಯದ ಅಂಚು ನಮಗೆ ಕಾಣುವುದು ಪಕ್ಕದಲ್ಲಿ ಗಾಳಿ ಇರುವುದರಿಂದ. ಆ ಗಾಳಿಯ ಜಾಗಕ್ಕೆ ನೀರೋ ಕೀವೋ ಬಂದರೆ ಎರಡೂ ಒಂದೇ ಬಣ್ಣವಾಗಿ ಅಂಚು ಮಾಯವಾಗುತ್ತದೆ. ಹೃದಯದ ಬಲ ಅಂಚು ಹೋದರೆ ತೊಂದರೆ ಬಲದ ಮಿಡ್ಲ್ ಲೋಬಿನಲ್ಲಿ. ಎಡ ಅಂಚು ಹೋದರೆ ಲಿಂಗ್ಯುಲಾದಲ್ಲಿ. ಡಯಾಫ್ರಮ್ ಗೆರೆ ಹೋದರೆ ಲೋವರ್ ಲೋಬಿನಲ್ಲಿ. ಲೋಬ್ ಹೆಸರು ಹೇಳುವ ಹಕ್ಕು ಬರುವುದು ಇಲ್ಲಿಂದ.

ಅಕ್ಕಪಕ್ಕದವರನ್ನು ಏನು ಮಾಡಿದೆ ಅನ್ನುವುದಕ್ಕೆ ನಮ್ಮ ಕೇಸ್ ಸಾಕು.

ಹಾಗಾದರೆ ಆ ಬಿಳಿ ಎಡ ಎದೆಯನ್ನು ನೀವು ಹೇಗೆ ಹೇಳುತ್ತೀರಿ?

ವೈವಾ ಮೇಜಿನ ಮುಂದೆ ನಿಂತ ಹಾಗೆ ಹೇಳುತ್ತೇನೆ.

"ಇದು ವಯಸ್ಕ ಗಂಡಸಿನ ಎದೆಯ ಪಿಎ ಎಕ್ಸ್-ರೇ, ನಿಂತು ತೆಗೆದದ್ದು. ಬದಿಯ ಗುರುತು ಇದೆ. ಕ್ಲಾವಿಕಲ್‌ಗಳ ಒಳತುದಿಗಳು ಸ್ಪೈನಸ್ ಪ್ರೋಸೆಸ್‌ನಿಂದ ಸಮದೂರದಲ್ಲಿವೆ, ರೊಟೇಶನ್ ಇಲ್ಲ. ಬಲಗಡೆ ಹಿಂದಿನ ಹತ್ತು ಪಕ್ಕೆಲುಬು ಕಾಣುತ್ತಿವೆ. ಟ್ರೇಕಿಯಾ ಎಡಕ್ಕೆ ಸರಿದಿದೆ. ಹೃದಯದ ಬಲ ಅಂಚು ಇರಬೇಕಾದ ಜಾಗದಲ್ಲಿಲ್ಲ, ಬೆನ್ನುಮೂಳೆಯ ಬಲ ಅಂಚು ಮರೆಯಿಲ್ಲದೆ ಕಾಣುತ್ತಿದೆ. ಎಡ ಎದೆ ಪೂರ್ತಿ ಒಂದೇ ಸಮನಾಗಿ ಬಿಳಿಯಾಗಿದೆ. ಹೃದಯದ ಎಡ ಅಂಚು, ಎಡ ಡಯಾಫ್ರಮ್ ಎರಡೂ ಕಾಣುವುದಿಲ್ಲ. ಎಡಗಡೆ ಪಕ್ಕೆಲುಬುಗಳ ನಡುವಿನ ಜಾಗ ಬಲಕ್ಕಿಂತ ಕಿರಿದಾಗಿದೆ. ಹೊಟ್ಟೆಯ ಗಾಳಿಗುಳ್ಳೆ ಮಾಮೂಲಿಗಿಂತ ಮೇಲಿದೆ. ಬಲ ಶ್ವಾಸಕೋಶ ಹಿಗ್ಗಿ ನಡುಗೆರೆ ದಾಟಿ ಎಡಕ್ಕೆ ಬಂದಿದೆ. ಎಡ ಮುಖ್ಯ ಬ್ರಾಂಕಸ್‌ನ ಕಪ್ಪು ಕೊಳವೆ ಸ್ವಲ್ಪ ದೂರ ಬಂದು ತಟ್ಟನೆ ನಿಂತುಹೋಗಿದೆ. ಮೂಳೆಗಳು ಸರಿಯಿವೆ."

ಇಷ್ಟರಲ್ಲಿ ರೋಗದ ಹೆಸರು ಎಲ್ಲೂ ಬರಲಿಲ್ಲ. ಆದರೆ ನೀರು ತುಂಬಿಕೊಂಡಿರಬಹುದು ಅನ್ನುವ ಯೋಚನೆ ಬಿದ್ದುಹೋಯಿತು. ಅಷ್ಟೊಂದು ನೀರು ತುಂಬಿದ್ದರೆ ಅದು ಜಾಗ ಬೇಡುತ್ತದೆ. ಟ್ರೇಕಿಯಾ, ಹೃದಯವನ್ನು ಬಲಕ್ಕೆ ತಳ್ಳಬೇಕಿತ್ತು. ಪಕ್ಕೆಲುಬುಗಳ ನಡುವಿನ ಜಾಗ ಅಗಲವಾಗಬೇಕಿತ್ತು. ಡಯಾಫ್ರಮ್‌ನ ಜೊತೆ ಹೊಟ್ಟೆಯ ಗಾಳಿಗುಳ್ಳೆಯೂ ಕೆಳಕ್ಕೆ ಇಳಿಯಬೇಕಿತ್ತು. ಇಲ್ಲಿ ಎಲ್ಲವೂ ಬಿಳಿಯ ಕಡೆಗೆ ಎಳೆದುಕೊಂಡಿವೆ. ಎಡ ಎದೆಯ ಒಳಗಿನ ಗಾತ್ರ ಕಡಿಮೆಯಾಗಿದೆ ಅನ್ನುವುದಕ್ಕೆ ನಾಲ್ಕೈದು ಕಡೆಯಿಂದ ಸಾಕ್ಷಿ ಇದೆ.

ಈಗ ಹೆಸರು ಹೇಳಿ: "ಎಡ ಶ್ವಾಸಕೋಶದ ಪೂರ್ತಿ ಕೊಲ್ಯಾಪ್ಸ್. ಎಡ ಮುಖ್ಯ ಬ್ರಾಂಕಸ್ ಮುಚ್ಚಿಕೊಂಡಿರುವ ಹಾಗಿದೆ." ಬೀಡಿ ಸೇದುವ ಐವತ್ತರ ಗಂಡಸಿನಲ್ಲಿ ಮೊದಲು ಯೋಚಿಸಬೇಕಾದದ್ದು ಬ್ರಾಂಕಸ್ ಒಳಗಿನ ಗಡ್ಡೆ. ನಮ್ಮ ದೇಶದಲ್ಲಿ ಟಿಬಿಯಿಂದ ಬ್ರಾಂಕಸ್ ಕಿರಿದಾಗಿರುವ ಸಾಧ್ಯತೆಯೂ ಪಟ್ಟಿಯಲ್ಲಿರಬೇಕು. ಗಟ್ಟಿ ಕಫ, ಒಳಗೆ ಸಿಕ್ಕಿಕೊಂಡ ಅಡಿಕೆ ಚೂರು, ಹಲ್ಲು ಕೂಡ ಇರಬಹುದು. ಮುಂದಿನ ಹೆಜ್ಜೆ ಸಿಟಿ ಮತ್ತು ಬ್ರಾಂಕೋಸ್ಕೋಪಿ. ಸೂಜಿ ಅಲ್ಲ.

ಒಂದು ಮಾತು. ಎದೆಯನ್ನು ಬೆರಳಿನಿಂದ ತಟ್ಟಿದರೆ ಎರಡು ರೋಗದಲ್ಲೂ ಮಂದ ಶಬ್ದವೇ ಬರುತ್ತದೆ, ಸ್ಟೆತಾಸ್ಕೋಪಿನಲ್ಲಿ ಉಸಿರಿನ ಸದ್ದು ಎರಡರಲ್ಲೂ ಇರುವುದಿಲ್ಲ. ಬೇರೆ ಮಾಡುವುದು ಕುತ್ತಿಗೆಯ ಬುಡದಲ್ಲಿ ಬೆರಳಿಟ್ಟು ನೋಡುವ ಟ್ರೇಕಿಯಾ. ಫಿಲ್ಮಿನಲ್ಲಿ ಕಂಡದ್ದನ್ನು ರೋಗಿಯ ಹಾಸಿಗೆಗೆ ಹೋಗಿ ಮುಟ್ಟಿ ನೋಡಿ.

ಪೂರ್ತಿ ಬಿಳಿ, ಆದರೆ ಟ್ರೇಕಿಯಾ ನಡುವೆಯೇ ಇದೆ. ಆಗ?

ಇದು ಒಳ್ಳೆಯ ಪ್ರಶ್ನೆ, ಕಷ್ಟದ್ದೂ ಹೌದು. ತಳ್ಳಿಲ್ಲ, ಎಳೆದಿಲ್ಲ ಅಂದರೆ ಕೆಲವು ಸಾಧ್ಯತೆಗಳಿವೆ. ಇಡೀ ಶ್ವಾಸಕೋಶ ಕನ್ಸಾಲಿಡೇಶನ್ ಆಗಿರಬಹುದು. ಆಗ ಬಿಳಿಯ ನಡುವೆ ಗಾಳಿಯಿರುವ ಕೊಳವೆಗಳು ಕಪ್ಪು ಕವಲುಗಳ ಹಾಗೆ ಕಾಣುತ್ತವೆ, ಅದೇ ಏರ್ ಬ್ರಾಂಕೋಗ್ರಾಮ್. ಇಲ್ಲವೇ ನೀರೂ ಇದೆ, ಒಳಗೆ ಕುಸಿತವೂ ಇದೆ. ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ, ಟ್ರೇಕಿಯಾ ಇದ್ದಲ್ಲೇ ಇರುತ್ತದೆ. ಕ್ಯಾನ್ಸರ್ ಹರಡಿ ಮೆಡಿಯಾಸ್ಟಿನಮ್ ಗಟ್ಟಿಯಾಗಿ ಕೂತಿದ್ದರೂ ಹೀಗೇ ಆಗುತ್ತದೆ.

ಅಂದರೆ ಇಷ್ಟು ಬಿಳಿಯಿದ್ದೂ ಟ್ರೇಕಿಯಾ ಅಲುಗಾಡಿಲ್ಲ ಅನ್ನುವುದೇ ಒಂದು ಪತ್ತೆ. ಅದನ್ನು "ಟ್ರೇಕಿಯಾ ನಾರ್ಮಲ್" ಅಂತ ಹೇಳಿ ದಾಟಿಬಿಡಬೇಡಿ. "ಇಷ್ಟು ದೊಡ್ಡ ಒಪಾಸಿಟಿ ಇದ್ದರೂ ಟ್ರೇಕಿಯಾ ನಡುವೆಯೇ ಇದೆ" ಅನ್ನಿ. ನೀರು ಎಷ್ಟಿದೆ ಅಂತ ಅಲ್ಟ್ರಾಸೌಂಡಿನಲ್ಲಿ ಹಾಸಿಗೆಯ ಪಕ್ಕದಲ್ಲೇ ಗೊತ್ತಾಗುತ್ತದೆ. ಸೂಜಿ ಹಾಕುವ ಮೊದಲು ಅದನ್ನು ಮಾಡಲೇಬೇಕು.

ರೋಗವಲ್ಲದ್ದು ರೋಗದ ಹಾಗೆ ಕಾಣುವುದನ್ನು ಹೇಗೆ ಗುರುತಿಸುವುದು?

ನಮ್ಮ ಕಡೆ ಜಾಸ್ತಿ ಮೋಸ ಮಾಡುವುದು ಜಡೆ. ಉದ್ದ ಕೂದಲಿನ ಹೆಂಗಸರು ಜಡೆ ಮುಂದಕ್ಕೆ ಬಿಟ್ಟುಕೊಂಡು ನಿಂತರೆ ಅಪ್ಪರ್ ಝೋನಿನಲ್ಲಿ ಒಂದು ಬಿಳಿ ನೆರಳು ಬೀಳುತ್ತದೆ. ಟಿಬಿ ಕೂರುವುದೂ ಅಲ್ಲೇ. ಆ ನೆರಳನ್ನು ಮೇಲಕ್ಕೆ ಹಿಂಬಾಲಿಸಿ. ಶ್ವಾಸಕೋಶದ ತುದಿ ದಾಟಿ ಕುತ್ತಿಗೆಯವರೆಗೆ ಹೋದರೆ ಅದು ಶ್ವಾಸಕೋಶದ ಒಳಗಿನದಲ್ಲ. ಇದೇ ಸೂತ್ರ ಮಲಗಿದ ರೋಗಿಯ ಚರ್ಮದ ಮಡಿಕೆಗೂ ನಡೆಯುತ್ತದೆ. ಮಡಿಕೆಯ ಗೆರೆ ನ್ಯೂಮೋಥೊರಾಕ್ಸ್‌ನ ಗೆರೆಯ ಹಾಗೆ ಕಾಣುತ್ತದೆ, ಆದರೆ ಎದೆಗೂಡಿನ ಹೊರಗೂ ಮುಂದುವರಿಯುತ್ತದೆ. ಅದರ ಆಚೆಗೂ ರಕ್ತನಾಳಗಳ ಗೆರೆಗಳು ಕಾಣುತ್ತವೆ.

ಮೊಲೆತೊಟ್ಟಿನ ನೆರಳು ಲೋವರ್ ಝೋನಿನಲ್ಲಿ ದುಂಡು ಗಂಟಿನ ಹಾಗೆ ಕಾಣಬಹುದು. ಎರಡೂ ಕಡೆ ಒಂದೇ ಮಟ್ಟದಲ್ಲಿದೆಯಾ ನೋಡಿ. ಅನುಮಾನ ಹೋಗದಿದ್ದರೆ ಅಲ್ಲಿಗೆ ಲೋಹದ ಗುರುತು ಅಂಟಿಸಿ ಮತ್ತೆ ತೆಗೆಯುತ್ತಾರೆ. ತಾಯಿತ, ಮಂಗಳಸೂತ್ರ, ಹುಕ್ ಇವು ಲೋಹವಾದ್ದರಿಂದ ಮೂಳೆಗಿಂತಲೂ ಬೆಳ್ಳಗೆ ಹೊಳೆಯುತ್ತವೆ. ಇವುಗಳಲ್ಲಿ ಕಷ್ಟವಿಲ್ಲ.

ಒಂದು ದೊಡ್ಡ ತೊಂದರೆ ಸಿಕ್ಕಿತು. ಅಲ್ಲಿಗೆ ನಿಲ್ಲಿಸಬಹುದಾ?

ಬೇಡ. ಒಂದು ಸಿಕ್ಕ ಸಮಾಧಾನದಲ್ಲಿ ಎರಡನೆಯದನ್ನು ಬಿಡುವುದು ಅನುಭವಸ್ಥರಿಗೂ ಆಗುತ್ತದೆ. ನಮ್ಮ ಕೇಸಿನಲ್ಲೇ ಒಂದು ಪಕ್ಕೆಲುಬು ಸವೆದು ಹೋಗಿದೆ ಅಂದುಕೊಳ್ಳಿ. ಬಿಳಿ ನೋಡಿ ನಿಲ್ಲಿಸಿದವರಿಗೆ ಅದು ಕಾಣುವುದಿಲ್ಲ. ಆದರೆ ಗಡ್ಡೆ ಮೂಳೆಗೆ ಹೋಗಿದೆಯಾ ಅನ್ನುವುದು ಚಿಕಿತ್ಸೆಯನ್ನೇ ಬದಲಿಸುತ್ತದೆ. ಒಂದು ಪಕ್ಕೆಲುಬೇ ಇಲ್ಲದಿದ್ದರೆ, ಕ್ಲಿಪ್‌ಗಳು ಕಂಡರೆ, ಆ ಶ್ವಾಸಕೋಶವನ್ನು ಹಿಂದೆಯೇ ಆಪರೇಶನ್ ಮಾಡಿ ತೆಗೆದಿರಬಹುದು. ಆಗ ಕಥೆಯೇ ಬೇರೆ.

ಹಾಗಾಗಿ ಎಲ್ಲ ಮುಗಿದ ಮೇಲೆ ಅಡಗುವ ಜಾಗಗಳಿಗೆ ಇನ್ನೊಮ್ಮೆ ಹೋಗಿ. ಕ್ಲಾವಿಕಲ್‌ಗಳ ಹಿಂದಿನ ಶ್ವಾಸಕೋಶದ ತುದಿಗಳು, ಹೃದಯದ ಹಿಂಭಾಗ, ಹೈಲಮ್‌ಗಳು, ಡಯಾಫ್ರಮ್‌ನ ಕೆಳಗೆ, ಫಿಲ್ಮಿನ ಅಂಚು. ನಿಂತು ತೆಗೆದ ಫಿಲ್ಮಿನಲ್ಲಿ ಬಲ ಡಯಾಫ್ರಮ್ ಮತ್ತು ಲಿವರಿನ ನಡುವೆ ತೆಳುವಾದ ಕಪ್ಪು ಗೆರೆ ಕಂಡರೆ ಹೊಟ್ಟೆಯಲ್ಲಿ ತೂತಾಗಿರಬಹುದು. ಎದೆಯ ಫಿಲ್ಮೇ ಅದನ್ನು ತೋರಿಸುವುದು.

ಕೆಳಮೂಲೆಗಳ ಬಗ್ಗೆ ಒಂದು ಮಿತಿ ಗೊತ್ತಿರಲಿ. ನಿಂತ ಪಿಎ ಚಿತ್ರದಲ್ಲಿ ಆ ಮೂಲೆ ಮೊಂಡಾಗಿ ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ನೀರು ಸೇರಿರಬೇಕು. ಮೂಲೆ ಚೂಪಾಗಿದೆ ಅಂದ ಮಾತ್ರಕ್ಕೆ ನೀರೇ ಇಲ್ಲ ಅಂತ ಹೇಳಲಾಗದು.

ಏನೂ ಸಿಗದಿದ್ದರೆ "ನಾರ್ಮಲ್" ಅಂದರೆ ಸಾಕಲ್ವಾ?

ಸಾಲದು. ಏನೇನು ನೋಡಿದಿರಿ ಅಂತ ಹೇಳಿ, ಕೊನೆಗೆ "ಈ ಚಿತ್ರದಲ್ಲಿ ಕಣ್ಣಿಗೆ ಬೀಳುವ ತೊಂದರೆ ಇಲ್ಲ" ಅನ್ನಿ. ರೋಗಿಯ ದೂರು ಏನು ಅಂತ ಗೊತ್ತಿದ್ದರೆ ಅದಕ್ಕೆ ಸಂಬಂಧಪಟ್ಟದ್ದನ್ನು ಹೆಸರಿಟ್ಟು ಇಲ್ಲ ಅನ್ನಿ. ತಟ್ಟನೆ ಎದೆನೋವು ಬಂದ ಹುಡುಗನ ಫಿಲ್ಮ್ ಆದರೆ, "ಎರಡೂ ಕಡೆ ರಕ್ತನಾಳದ ಗೆರೆಗಳು ಅಂಚಿನವರೆಗೆ ಕಾಣುತ್ತಿವೆ, ಪ್ಲೂರಾದ ಗೆರೆ ಬೇರೆಯಾಗಿ ಕಾಣುತ್ತಿಲ್ಲ."

ಮೂಳೆಯ ಎಕ್ಸ್-ರೇಗೂ ಇದೇ ಕ್ರಮವಾ?

ತಳಹದಿ ಅದೇ. ಯಾರದು, ಯಾವ ಬದಿ, ಯಾವ ವ್ಯೂ. ಮೂಳೆಗೆ ಒಂದಕ್ಕೊಂದು ಲಂಬವಾದ ಎರಡು ವ್ಯೂ ಬೇಕು, ಮೇಲಿನ ಮತ್ತು ಕೆಳಗಿನ ಕೀಲು ಎರಡೂ ಕಾಣಬೇಕು. ಆಮೇಲೆ ಯಾವ ಮೂಳೆ, ಅದರ ಯಾವ ಭಾಗ, ಮುರಿದ ಗೆರೆ ಅಡ್ಡವೋ ಓರೆಯೋ, ಕೀಲಿನೊಳಗೆ ಹೋಗಿದೆಯಾ ಅಂತ ಹೇಳಿ. ಸರಿದಿರುವುದನ್ನು ಹೇಳುವಾಗ ದೇಹದಿಂದ ದೂರದ ತುಂಡು ಎಲ್ಲಿಗೆ ಹೋಗಿದೆ ಅಂತಲೇ ಹೇಳಬೇಕು.

ಅಂಗೈ ಊರಿ ಬಿದ್ದ ಅಜ್ಜಿಯ ಮಣಿಕಟ್ಟಿನ ಫಿಲ್ಮ್ ನೋಡಿ "ಕೋಲೀಸ್" ಅಂತ ಕೂಗುವ ಬದಲು, "ರೇಡಿಯಸ್ ಮೂಳೆಯ ಕೆಳತುದಿಯಲ್ಲಿ ಅಡ್ಡ ಮುರಿತ, ಕೀಲಿನೊಳಗೆ ಹೋಗಿಲ್ಲ, ದೂರದ ತುಂಡು ಕೈಯ ಹಿಂಬದಿಗೆ ಸರಿದು ಬಾಗಿದೆ" ಅನ್ನಿ. ತುಂಡು ಅಂಗೈ ಕಡೆಗೆ ಹೋಗಿದ್ದರೆ ಅದು ಸ್ಮಿತ್ ಮುರಿತ, ಕೂರಿಸುವ ರೀತಿಯೇ ಬೇರೆ. ಹೆಸರು ಮರೆತರೂ ವರ್ಣನೆ ಕೇಳಿದ ಆರ್ಥೋಪೆಡಿಕ್ಸ್‌ನವರಿಗೆ ಫೋನಿನಲ್ಲೇ ಚಿತ್ರ ಕಣ್ಣ ಮುಂದೆ ಬರುತ್ತದೆ.

ವೈವಾದಲ್ಲಿ ಎಕ್ಸಾಮಿನರ್ ನಡುವೆಯೇ ತಡೆದು "ಡಯಾಗ್ನೋಸಿಸ್ ಹೇಳು" ಅಂದರೆ?

ಹೇಳಿ, ಆದರೆ ಕಾರಣದ ಜೊತೆ. "ಎಡ ಶ್ವಾಸಕೋಶದ ಕೊಲ್ಯಾಪ್ಸ್ ಸರ್, ಯಾಕೆಂದರೆ ರೊಟೇಶನ್ ಇಲ್ಲದೇ ಟ್ರೇಕಿಯಾ ಬಿಳಿಯ ಕಡೆಗೇ ಸರಿದಿದೆ." ಒಂದೇ ವಾಕ್ಯದಲ್ಲಿ ನೀವು ಗುಣಮಟ್ಟ ನೋಡಿದ್ದೂ, ಮೆಡಿಯಾಸ್ಟಿನಮ್ ನೋಡಿದ್ದೂ ಅವರಿಗೆ ತಿಳಿಯುತ್ತದೆ. ಖಚಿತವಿಲ್ಲದಿದ್ದರೆ ಎರಡು ಸಾಧ್ಯತೆ ಹೇಳಿ, ಯಾವುದಕ್ಕೆ ಒಲವು, ಯಾಕೆ ಅಂತ ಹೇಳಿ. ಹೆಸರು ತಪ್ಪಿದರೂ ವರ್ಣನೆ ಸರಿಯಿದ್ದರೆ ಅಂಕ ಪೂರ್ತಿ ಹೋಗುವುದಿಲ್ಲ. ಹೆಸರು ಸರಿಯಿದ್ದು ಕಾರಣ ಹೇಳಲು ಬಾರದಿದ್ದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ರಾತ್ರಿ ಡ್ಯೂಟಿಯಲ್ಲಿ ರೋಗಿ ಒದ್ದಾಡುತ್ತಿರುವಾಗ ಇಷ್ಟೆಲ್ಲ ಹೇಳುತ್ತಾ ಕೂರಲು ಆಗುತ್ತಾ?

ಆಗುವುದಿಲ್ಲ, ಕೂರಲೂ ಬಾರದು. ಟೆನ್ಷನ್ ನ್ಯೂಮೋಥೊರಾಕ್ಸ್ ಅಂತ ಅನುಮಾನ ಬಂದು ಬಿಪಿ ಬೀಳುತ್ತಿದ್ದರೆ ಎಕ್ಸ್-ರೇಗೆ ಕಾಯದೆ ಗಾಳಿ ಹೊರಗೆ ಬಿಡುತ್ತಾರೆ. ಅದನ್ನು ರೋಗಿಯನ್ನು ನೋಡಿಯೇ ತೀರ್ಮಾನಿಸಬೇಕು.

ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಯ ಫಿಲ್ಮ್ ಬಂದರೆ ಕ್ರಮ ಸ್ವಲ್ಪ ಬದಲಾಗುತ್ತದೆ. ಹೆಸರು, ತಾರೀಖು ಆದ ಕೂಡಲೇ ಕೊಳವೆಗಳನ್ನು ನೋಡಿ. ಬಾಯಿಂದ ಹೋದ ಎಂಡೋಟ್ರೇಕಿಯಲ್ ಟ್ಯೂಬಿನ ತುದಿ ಟ್ರೇಕಿಯಾ ಕವಲೊಡೆಯುವ ಜಾಗದಿಂದ, ಅಂದರೆ ಕರೈನಾದಿಂದ, ಸುಮಾರು 5 ಸೆಂಟಿಮೀಟರ್ ಮೇಲಿರಬೇಕು. ಕತ್ತು ಬಗ್ಗಿಸಿದರೆ ತುದಿ ಕೆಳಗೆ ಹೋಗುತ್ತದೆ, ಎತ್ತಿದರೆ ಮೇಲೆ ಬರುತ್ತದೆ. ಹಾಗಾಗಿ ಗದ್ದ ಎಲ್ಲಿದೆ ಅಂತಲೂ ನೋಡಿ. ಟ್ಯೂಬ್ ಜಾಸ್ತಿ ಒಳಗೆ ಹೋದರೆ ಸಾಮಾನ್ಯವಾಗಿ ಬಲ ಮುಖ್ಯ ಬ್ರಾಂಕಸ್‌ಗೇ ಇಳಿಯುತ್ತದೆ, ಅದು ಎಡಕ್ಕಿಂತ ನೆಟ್ಟಗಿದೆ. ಆಗ ಎಡಕ್ಕೆ ಗಾಳಿ ಹೋಗುವುದಿಲ್ಲ. ಎಡ ಎದೆ ಬಿಳಿಯಾಗುತ್ತದೆ, ಟ್ರೇಕಿಯಾ ಎಡಕ್ಕೆ ಸರಿಯುತ್ತದೆ.

ನಮ್ಮ ಕಲಬುರಗಿಯ ರೋಗಿಯ ಫಿಲ್ಮಿನ ಹಾಗೆಯೇ ಇರುತ್ತದೆ ಚಿತ್ರ. ಆದರೆ ಇಲ್ಲಿ ಬ್ರಾಂಕೋಸ್ಕೋಪಿ ಬೇಡ. ಅನಸ್ತೇಶಿಯಾದವರನ್ನು ಕರೆದು ಟ್ಯೂಬನ್ನು ಕೆಲವು ಸೆಂಟಿಮೀಟರ್ ಹಿಂದಕ್ಕೆ ಎಳೆಸಿ, ಎರಡೂ ಕಡೆ ಉಸಿರಿನ ಸದ್ದು ಕೇಳಿ, ಮತ್ತೊಂದು ಫಿಲ್ಮ್ ತೆಗೆಸಿ.